ನೂರು ವಾಟಿನ ಬಲ್ಬನ್ನು ಮಂಕಾಗಿಸಿದ ನಲವತ್ತು ವಾಟಿನ ಬಲ್ಬು: ಜಗಳೂರು ಕಡೆಯ ಒಂದು ಪ್ರಕರಣ

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೆಕ್ಕೆಜೋಳ ಬೆಳೆಯುವ ಕುಟುಂಬವೊಂದು ಮನೆಯ ಹಿಂದಿನ ಶೀಟಿನ ಕೊಠಡಿಯಲ್ಲಿ ನಾಟಿ ಕೋಳಿ ಸಾಕಲು ಶುರು ಮಾಡಿತ್ತು. ತಂದದ್ದು ನೂರಿಪ್ಪತ್ತರಷ್ಟು ಒಂದು ದಿನದ ಮರಿಗಳು. ನೆಲಕ್ಕೆ ಭತ್ತದ ಹೊಟ್ಟು, ಅದರ ಮೇಲೆ ಹಳೆಯ ಪತ್ರಿಕೆಯ ಹಾಳೆಗಳು, ಸುತ್ತ ತಗಡಿನ ಗಾರ್ಡು, ನಡುವೆ ಬೋರಲಾಗಿ ತೂಗುಹಾಕಿದ ದೊಡ್ಡ ಬಿದಿರಿನ ಬುಟ್ಟಿ. ಬುಟ್ಟಿಯೊಳಗೆ ಎರಡು ಹೋಲ್ಡರುಗಳು, ಒಂದರಲ್ಲಿ 40 ವಾಟಿನ ಬಲ್ಬು, ಇನ್ನೊಂದರಲ್ಲಿ 100 ವಾಟಿನದು. ಎರಡೂ ತಂತಿ ಉರಿಯುವ ಹಳೆಯ ಬಗೆಯವು. ಮರಿಗಳಿಗೆ ಬೇಕಾದದ್ದು ಬೆಳಕಿಗಿಂತ ಹೆಚ್ಚಾಗಿ ಬಿಸಿ. ಎಲ್ಇಡಿ ಬಲ್ಬು ಆ ಬಿಸಿಯನ್ನು ಕೊಡುವುದಿಲ್ಲವಾದ್ದರಿಂದ ಕೋಳಿ ಸಾಕುವವರು ಈಗಲೂ ಹುಡುಕಿಕೊಂಡು ಹೋಗಿ ಹಳೆಯ ಬಲ್ಬನ್ನೇ ತರುತ್ತಾರೆ.

ನಾನು ದಾವಣಗೆರೆಯಲ್ಲಿ ಐಟಿಐ ವಿದ್ಯಾರ್ಥಿಗಳಿಗೆ ಎಲೆಕ್ಟ್ರಿಷಿಯನ್ ವಿಷಯ ಕಲಿಸುವವನು. ಆ ಮನೆಯ ಯಜಮಾನರು ಪರಿಚಯದವರ ಮೂಲಕ ಫೋನ್ ಮಾಡಿ ಹೇಳಿದ ದೂರು ಹೀಗಿತ್ತು: "ಮೇಷ್ಟ್ರೇ, ನಲವತ್ತರ ಬಲ್ಬು ಚೆನ್ನಾಗಿ ಉರಿಯುತ್ತದೆ, ನೂರರದ್ದು ಕೆಂಡದ ಹಾಗೆ ಬರೀ ಕೆಂಪಗಿರುತ್ತದೆ. ಬಲ್ಬು ಕೆಟ್ಟಿದೆಯೆಂದು ಹೊಸದು ತಂದು ಹಾಕಿದೆ, ಅದೂ ಹಾಗೆಯೇ. ಬಿಸಿ ಸಾಲದು, ಇನ್ನೂ ದೊಡ್ಡದಿರಲಿ ಎಂದು ಇನ್ನೂರರದ್ದು ತಂದೆ. ಅದು ಉರಿಯುವುದೇ ಇಲ್ಲ!"

ಈ ಕೊನೆಯ ಮಾತಿನಲ್ಲಿಯೇ ಅರ್ಧ ರೋಗನಿರ್ಣಯ ಅಡಗಿದೆ. ಸಾಮಾನ್ಯವಾಗಿ ಬಲ್ಬು ಮಂಕಾಗಲು ಕಾರಣ ಕಡಿಮೆ ವೋಲ್ಟೇಜ್, ಸಡಿಲ ಜೋಡಣೆ, ಇಲ್ಲವೇ ಕಪ್ಪಾದ ಗಾಜು. ಇಡೀ ಊರಿಗೆ ವೋಲ್ಟೇಜ್ ಕಡಿಮೆಯಾಗಿದ್ದರೆ ನಲವತ್ತರದ್ದೂ ಮಂಕಾಗಬೇಕಿತ್ತು. ಹೋಲ್ಡರಿನ ಪಿನ್ನು ಸಡಿಲವಿದ್ದರೆ ಬೆಳಕು ಮಿಣುಕಬೇಕಿತ್ತು, ಹೋಲ್ಡರ್ ಕಾಯಬೇಕಿತ್ತು. ಈ ಯಾವುದರಲ್ಲೂ ಬಲ್ಬಿನ ವಾಟ್ ಹೆಚ್ಚಿಸಿದಷ್ಟೂ ಬೆಳಕು ಕಡಿಮೆಯಾಗುತ್ತ ಹೋಗಿ ಪಕ್ಕದ ಸಣ್ಣ ಬಲ್ಬು ಇನ್ನಷ್ಟು ಪ್ರಖರವಾಗುವುದಿಲ್ಲ. ಇನ್ನೂರರದ್ದು ಹಾಕಿದಾಗ ನಲವತ್ತರ ಬಲ್ಬು ಹೇಗಿತ್ತು ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಅದು ಮೊದಲಿಗಿಂತ ಜೋರಾಗಿಯೇ ಉರಿಯುತ್ತಿತ್ತು" ಎಂದರು. ಎರಡು ಬಲ್ಬುಗಳು ಸರಣಿಯಲ್ಲಿ, ಅಂದರೆ ವೈರಿಂಗ್ ಮಾಡುವವರ ಮಾತಿನಲ್ಲಿ ಸೀರೀಸ್‌ನಲ್ಲಿ, ಇದ್ದರೆ ಮಾತ್ರ ಹೀಗಾಗುತ್ತದೆ.

ಆದರೂ ಹೋಗಿ ನೋಡಬೇಕಾಯಿತು. ಏಕೆಂದರೆ ಊರಿನಲ್ಲಿ ಮೋಟಾರ್ ರಿಪೇರಿ ಮಾಡುವ ಹುಡುಗನೊಬ್ಬ ಆಗಲೇ ಮೀಟರ್ ಹಿಡಿದು ಪರೀಕ್ಷೆ ಮಾಡಿ, "ಹೋಲ್ಡರಿಗೆ 230 ವೋಲ್ಟ್ ಸರಿಯಾಗಿಯೇ ಬರುತ್ತಿದೆ, ಲೈನಿನಲ್ಲಿ ತೊಂದರೆಯಿಲ್ಲ, ಬಲ್ಬೇ ಕಳಪೆ" ಎಂದು ಹೇಳಿ ಹೋಗಿದ್ದ. ಆ ಹುಡುಗ ಸುಳ್ಳು ಹೇಳಿರಲಿಲ್ಲ. ಮೀಟರ್ ತೋರಿಸಿದ್ದೂ ನಿಜ. ಆ ಅಳತೆಯನ್ನು ಅವನು ಯಾವ ಸ್ಥಿತಿಯಲ್ಲಿ ತೆಗೆದಿದ್ದ ಎಂಬುದರಲ್ಲಿಯೇ ಇಡೀ ಗೊಂದಲದ ಬೇರಿತ್ತು.

ಜನವರಿಯ ಚಳಿಯ ಬೆಳಗ್ಗೆ ನಾನು ಹೋದಾಗ ಮರಿಗಳೆಲ್ಲ ನಲವತ್ತರ ಬಲ್ಬಿನ ಕೆಳಗೆ ಒಂದರ ಮೇಲೊಂದು ಏರಿ ಗುಡ್ಡೆಯಾಗಿದ್ದವು. ನೂರರ ಬಲ್ಬಿನ ಕೆಳಗಿನ ಪತ್ರಿಕೆಯ ಮೇಲೆ ಒಂದು ಹಿಕ್ಕೆಯೂ ಇರಲಿಲ್ಲ. ಹೀಗೆ ಗುಡ್ಡೆಯಾದಾಗ ಕೆಳಗಿನ ಮರಿಗಳು ಉಸಿರುಕಟ್ಟಿ ಸಾಯುತ್ತವೆ. ಆ ಮನೆಯಲ್ಲಿ ಕೆಲವು ಆಗಲೇ ಸತ್ತಿದ್ದವು.

ಸ್ವಿಚ್ ಹಾಕಿದ ಸ್ಥಿತಿಯಲ್ಲಿ, ಎರಡೂ ಬಲ್ಬುಗಳು ತಮ್ಮ ಜಾಗದಲ್ಲಿರುವಾಗಲೇ ಅಳತೆ ತೆಗೆದೆ. ಬೋರ್ಡಿನ ಸಾಕೆಟ್ಟಿನಲ್ಲಿ 230 ವೋಲ್ಟ್. ನಲವತ್ತರ ಬಲ್ಬಿನ ಹೋಲ್ಡರಿನ ಎರಡು ಸ್ಕ್ರೂಗಳ ನಡುವೆ 192. ನೂರರ ಬಲ್ಬಿನ ಹೋಲ್ಡರಿನಲ್ಲಿ 38. ಎರಡನ್ನೂ ಕೂಡಿಸಿದರೆ ಸರಿಯಾಗಿ 230. ಎರಡು ಬಲ್ಬುಗಳು ಒಂದೇ ವೋಲ್ಟೇಜನ್ನು ಹಂಚಿಕೊಂಡಿವೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಂತರ ಸ್ವಿಚ್ ತೆಗೆದು, ನೂರರ ಬಲ್ಬನ್ನು ಬಿಚ್ಚಿ, ಮತ್ತೆ ಸ್ವಿಚ್ ಹಾಕಿದೆ. ನಲವತ್ತರ ಬಲ್ಬೂ ಆರಿತ್ತು. ಈಗ ಖಾಲಿ ಹೋಲ್ಡರಿಗೆ ಮೀಟರ್ ಹಿಡಿದರೆ 230 ವೋಲ್ಟ್! ರಿಪೇರಿಯ ಹುಡುಗ ನೋಡಿದ್ದು ಇದನ್ನೇ. ಬಲ್ಬು ತೆಗೆದ ಕೂಡಲೇ ಮಂಡಲ ಕಡಿಯುತ್ತದೆ, ಪ್ರವಾಹ ನಿಲ್ಲುತ್ತದೆ. ಪ್ರವಾಹವಿಲ್ಲದ ಮೇಲೆ ನಲವತ್ತರ ಬಲ್ಬಿನ ತಂತಿಯಲ್ಲಿ ವೋಲ್ಟೇಜ್ ಇಳಿಯುವ ಮಾತೇ ಇಲ್ಲ, ಅದು ಸುಮ್ಮನೆ ಒಂದು ವೈರಿನ ತುಂಡಿನಂತೆ ವರ್ತಿಸುತ್ತದೆ. ಮಲ್ಟಿಮೀಟರಿನ ಒಳರೋಧ ಲಕ್ಷಾಂತರ ಓಮ್ ಇರುವುದರಿಂದ ಅದು ಎಳೆಯುವ ಪ್ರವಾಹ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಹಾಗಾಗಿ ಪೂರ್ತಿ ಸಪ್ಲೈ ವೋಲ್ಟೇಜ್ ಖಾಲಿ ಹೋಲ್ಡರಿನಲ್ಲಿ ಕಾಣಿಸಿಕೊಳ್ಳುತ್ತದೆ. ನಿಯಾನ್ ಟೆಸ್ಟರ್ ಹಿಡಿದಿದ್ದರೂ ಅದು ಉರಿದು ಇದೇ ತಪ್ಪು ಧೈರ್ಯವನ್ನು ಕೊಡುತ್ತಿತ್ತು. ಮಂಕಾದ ಬಲ್ಬಿನ ದೂರು ಬಂದಾಗ ಬಲ್ಬನ್ನು ತೆಗೆದು ವೋಲ್ಟೇಜ್ ಅಳೆಯುವುದು ಬಹಳ ಜನ ಮಾಡುವ ಕೆಲಸ. ಬಲ್ಬು ಉರಿಯುತ್ತಿರುವಾಗ, ಅದರ ಎರಡು ತುದಿಗಳ ನಡುವೆ ಅಳೆದರೆ ಮಾತ್ರ ಆ ಬಲ್ಬಿಗೆ ನಿಜವಾಗಿ ಎಷ್ಟು ಸಿಗುತ್ತಿದೆ ಎಂಬುದು ತಿಳಿಯುತ್ತದೆ. ಉರಿಯುತ್ತಿರುವ ಮಂಡಲದಲ್ಲಿ ಹೀಗೆ ಅಳೆಯುವುದು ಅಪಾಯದ ಕೆಲಸ, ಇನ್ಸುಲೇಷನ್ ಗಟ್ಟಿಯಿರುವ ಪ್ರೋಬ್ ಹಿಡಿದು ಅಭ್ಯಾಸವಿರುವವರು ಮಾತ್ರ ಮಾಡಬೇಕು. ಅಭ್ಯಾಸವಿಲ್ಲದವರಿಗೆ ಸುಲಭದ ಪರೀಕ್ಷೆ ಬೇರೆಯೇ ಇದೆ: ಸ್ವಿಚ್ ತೆಗೆದು ಒಂದು ಬಲ್ಬನ್ನು ಬಿಚ್ಚಿ, ಮತ್ತೆ ಸ್ವಿಚ್ ಹಾಕಿ ನೋಡುವುದು. ಉಳಿದ ಬಲ್ಬೂ ಉರಿಯದಿದ್ದರೆ ಅವು ಸರಣಿಯಲ್ಲಿವೆ. ಬಿಚ್ಚಿದ ಹೋಲ್ಡರಿಗೆ ಮಾತ್ರ ಕೈ ಹಾಕಬಾರದು, ಅಲ್ಲಿ ಪೂರ್ತಿ ವೋಲ್ಟೇಜ್ ಇರುತ್ತದೆ.

ಬುಟ್ಟಿಯನ್ನು ಕೆಳಗಿಳಿಸಿ ವೈರ್ ನೋಡಿದಾಗ ಕಾರಣ ಸಿಕ್ಕಿತು. ಮನೆಯಲ್ಲಿ ಉಳಿದಿದ್ದ ಒಂಟಿ ವೈರಿನ ತುಂಡುಗಳಿಂದಲೇ ಕೆಲಸ ಮುಗಿಸಿದ್ದರು. ಪ್ಲಗ್ಗಿನ ಫೇಸ್ ವೈರ್ ಮೊದಲ ಹೋಲ್ಡರಿನ ಒಂದು ಸ್ಕ್ರೂಗೆ ಹೋಗಿತ್ತು. ಅದರ ಇನ್ನೊಂದು ಸ್ಕ್ರೂನಿಂದ ಒಂದು ತುಂಡು ಎರಡನೆಯ ಹೋಲ್ಡರಿಗೆ, ಅಲ್ಲಿಂದ ನ್ಯೂಟ್ರಲ್ ವೈರ್ ಮರಳಿ ಪ್ಲಗ್ಗಿಗೆ. ಮಣಿಸರದ ದಾರದಂತೆ ಒಂದೇ ವೈರ್ ಎರಡು ಬಲ್ಬುಗಳ ಮೂಲಕ ಹಾದುಹೋಗಿತ್ತು. ಎರಡೂ ಹೋಲ್ಡರಿಗೆ ತಲಾ ಎರಡು ವೈರ್ ತಾಗಿದ್ದರಿಂದ ಮೇಲುನೋಟಕ್ಕೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು.

ಅಲ್ಲಿಯೇ ನಿಂತಿದ್ದ ಯಜಮಾನರ ಅಣ್ಣನ ಮಗ ಪಿಯುಸಿ ವಿಜ್ಞಾನ ಓದುವವನು. ಅವನಿಗೆ ಇದು ಒಪ್ಪಿಗೆಯಾಗಲಿಲ್ಲ. "ಸರ್, ಸರಣಿಯಲ್ಲಿದ್ದರೂ ನೂರು ವಾಟಿನದು ನೂರು ವಾಟಿನದೇ ಅಲ್ಲವೇ? ಬೆಳಕು ಸ್ವಲ್ಪ ಕಡಿಮೆಯಾಗಬಹುದು, ಆದರೆ ನಲವತ್ತರದ್ದಕ್ಕಿಂತ ಕಡಿಮೆ ಹೇಗೆ ಆಗುತ್ತದೆ?" ಎಂದು ಕೇಳಿದ. ತುಂಬ ಒಳ್ಳೆಯ ಪ್ರಶ್ನೆ. ತರಗತಿಯಲ್ಲಿಯೂ ಹತ್ತರಲ್ಲಿ ಎಂಟು ಹುಡುಗರು ಇಲ್ಲಿಯೇ ಎಡವುತ್ತಾರೆ.

ಬಲ್ಬಿನ ತಲೆಯ ಮೇಲೆ ಬರೆದಿರುವುದು ಬರೀ 100 ವಾಟ್ ಅಲ್ಲ. 230 ವೋಲ್ಟ್, 100 ವಾಟ್ ಎಂದು ಎರಡು ಸಂಖ್ಯೆಗಳಿರುತ್ತವೆ, ಮತ್ತು ಎರಡನೆಯದು ಮೊದಲನೆಯದಕ್ಕೆ ಕಟ್ಟುಬಿದ್ದಿದೆ. ತನ್ನ ಎರಡು ತುದಿಗಳ ನಡುವೆ 230 ವೋಲ್ಟ್ ಸಿಕ್ಕರೆ ಮಾತ್ರ ಅದು ನೂರು ವಾಟ್ ತೆಗೆದುಕೊಳ್ಳುತ್ತದೆ. ವೋಲ್ಟೇಜ್ ಬದಲಾದರೆ ವಾಟೂ ಬದಲಾಗುತ್ತದೆ. ಬಲ್ಬಿನಲ್ಲಿ ಇರುವುದು ಒಂದು ಟಂಗ್‌ಸ್ಟನ್ ತಂತಿ. ತಂತಿಯ ಗುಣವೆಂದರೆ ಅದರ ರೋಧ. ಮುದ್ರಿತ ಸಂಖ್ಯೆಗಳಿಂದ ಆ ರೋಧವನ್ನು ಹೀಗೆ ತೆಗೆಯಬಹುದು:

R = V² ÷ P

ನಲವತ್ತರ ಬಲ್ಬಿಗೆ 230 ರ ವರ್ಗವನ್ನು 40 ರಿಂದ ಭಾಗಿಸಿದರೆ ಸುಮಾರು 1322 ಓಮ್. ನೂರರದ್ದಕ್ಕೆ 529 ಓಮ್. ಕಡಿಮೆ ವಾಟಿನ ಬಲ್ಬಿನ ರೋಧವೇ ಹೆಚ್ಚು. ಕಾರಣ ಸರಳ: ಒಂದೇ ವೋಲ್ಟೇಜಿನಲ್ಲಿ ಕಡಿಮೆ ವಾಟ್ ತೆಗೆದುಕೊಳ್ಳಬೇಕಾದರೆ ಕಡಿಮೆ ಪ್ರವಾಹವನ್ನು ಬಿಡಬೇಕು, ಅದಕ್ಕಾಗಿ ತಂತಿಯನ್ನು ತೆಳ್ಳಗೆ ಎಳೆದಿರುತ್ತಾರೆ.

ಹುಡುಗ ತಕ್ಷಣ ತಡೆದ. "ವಾಟ್ ಅಂದರೆ ವೋಲ್ಟೇಜಿನ ವರ್ಗ ಭಾಗಿಸು ರೋಧ. ಹಾಗಾದರೆ ರೋಧ ಕಡಿಮೆ ಇರುವುದೇ ಹೆಚ್ಚು ವಾಟ್ ತೆಗೆದುಕೊಳ್ಳಬೇಕು. ನೂರರದ್ದೇ ಗೆಲ್ಲಬೇಕಲ್ಲ ಸರ್?"

ಪುಸ್ತಕದಲ್ಲಿ ಎರಡು ಸೂತ್ರಗಳಿವೆ. ಒಂದರಲ್ಲಿ ರೋಧ ಭಾಜಕವಾಗಿ ಕೆಳಗಿದೆ, ಇನ್ನೊಂದರಲ್ಲಿ ಪ್ರವಾಹದ ವರ್ಗದ ಜೊತೆ ಗುಣಿಸಿಕೊಂಡು ಮೇಲಿದೆ:

P = V² ÷ R
P = I² × R

ಎರಡೂ ಸತ್ಯ, ಎರಡೂ ಎಲ್ಲ ಬಲ್ಬಿಗೂ ಎಲ್ಲ ಹೊತ್ತಿನಲ್ಲಿಯೂ ಅನ್ವಯಿಸುತ್ತವೆ. ಆದರೆ ಎರಡು ಬಲ್ಬುಗಳನ್ನು ಹೋಲಿಸುವಾಗ, ಎರಡಕ್ಕೂ ಸಮಾನವಾಗಿರುವುದು ಯಾವುದು ಎಂದು ಮೊದಲು ಕೇಳಿಕೊಳ್ಳಬೇಕು. ಮನೆಯ ವೈರಿಂಗ್‌ನಲ್ಲಿ ಪ್ರತಿ ಬಲ್ಬಿಗೂ ಫೇಸ್ ಮತ್ತು ನ್ಯೂಟ್ರಲ್ ಬೇರೆ ಬೇರೆಯಾಗಿ ತಲಪುತ್ತವೆ, ಆದ್ದರಿಂದ ಸಮಾನವಾಗಿರುವುದು ವೋಲ್ಟೇಜ್. ಅಲ್ಲಿ ಮೊದಲ ಸೂತ್ರ ಹಿಡಿದು ಹೋಲಿಸಬಹುದು, ರೋಧ ಕಡಿಮೆ ಇರುವ ನೂರರ ಬಲ್ಬೇ ಪ್ರಖರ. ಸರಣಿಯಲ್ಲಿ ವೋಲ್ಟೇಜ್ ಹಂಚಿಹೋಗುತ್ತದೆ, ಸಮಾನವಾಗಿ ಉಳಿಯುವುದು ಪ್ರವಾಹ ಮಾತ್ರ. ಒಂದೇ ದಾರಿ, ಕವಲಿಲ್ಲ. ಒಂದು ಬಲ್ಬಿನಲ್ಲಿ ಹರಿದ ಪ್ರವಾಹವೇ ಇನ್ನೊಂದರಲ್ಲಿಯೂ ಹರಿಯಬೇಕು. ಆದ್ದರಿಂದ ಇಲ್ಲಿ ಹೋಲಿಕೆಗೆ ಎರಡನೆಯ ಸೂತ್ರ, ರೋಧ ಹೆಚ್ಚಿರುವ ನಲವತ್ತರ ಬಲ್ಬೇ ಹೆಚ್ಚು ವಾಟ್ ತೆಗೆದುಕೊಳ್ಳುತ್ತದೆ. ಹುಡುಗ ಮೊದಲ ಸೂತ್ರಕ್ಕೆ ಎರಡು ಬಲ್ಬುಗಳಿಗೂ 230 ನ್ನೇ ಹಾಕಿಕೊಂಡಿದ್ದ. ಮೀಟರಿನಲ್ಲಿ ಕಂಡ 192 ಮತ್ತು 38 ನ್ನು ಹಾಕಿದ್ದರೆ ಅದೇ ಸೂತ್ರವೂ ಇದೇ ಉತ್ತರವನ್ನು ಹೇಳುತ್ತಿತ್ತು.

ಯಜಮಾನರ ಅನುಮಾನ ಬೇರೆ ಇತ್ತು. ಕರೆಂಟು ಮೊದಲು ನಲವತ್ತರ ಬಲ್ಬಿಗೆ ಬರುತ್ತದೆ, ಅದು ಹೊಟ್ಟೆ ತುಂಬ ಕುಡಿದು ಉಳಿದದ್ದನ್ನು ಮುಂದಕ್ಕೆ ಬಿಡುತ್ತದೆ ಎಂದು ಅವರು ನಂಬಿದ್ದರು. ಇದಕ್ಕೆ ಮಾತಿನ ಉತ್ತರಕ್ಕಿಂತ ಮಾಡಿ ತೋರಿಸುವುದೇ ಲೇಸು. ಸ್ವಿಚ್ ತೆಗೆದು ಎರಡು ಬಲ್ಬುಗಳ ಜಾಗ ಅದಲುಬದಲು ಮಾಡಿದೆ. ಈಗ ಫೇಸ್ ಮೊದಲು ತಲಪುವುದು ನೂರರ ಬಲ್ಬಿಗೆ. ಸ್ವಿಚ್ ಹಾಕಿದರೆ ನೂರರದ್ದು ಮತ್ತೆ ಕೆಂಪಗೆ, ನಲವತ್ತರದ್ದು ಮತ್ತೆ ಪ್ರಖರ. ಮರಿಗಳು ಮಾತ್ರ ಗುಂಪು ಕಟ್ಟಿಕೊಂಡು ಬುಟ್ಟಿಯ ಈಚೆ ಬದಿಗೆ ಓಡಿಬಂದವು. ಬಲ್ಬಿನಲ್ಲಿ ಪ್ರವಾಹ ಖರ್ಚಾಗುವುದಿಲ್ಲ, ಎರಡು ಬಲ್ಬುಗಳ ನಡುವೆಯೂ, ಆಚೆಯೂ, ಈಚೆಯೂ ಕ್ಲಾಂಪ್ ಮೀಟರ್ ಒಂದೇ ಅಂಕಿಯನ್ನು ತೋರಿಸುತ್ತದೆ. ಖರ್ಚಾಗುವುದು ವೋಲ್ಟೇಜ್.

ಇಷ್ಟರವರೆಗೆ ಪಠ್ಯಪುಸ್ತಕವೂ ಹೇಳುತ್ತದೆ. ಹುಡುಗ ಅಲ್ಲಿಯೇ ಪೆನ್ನು ಹಿಡಿದು ಲೆಕ್ಕ ಮಾಡಿದ. ಒಟ್ಟು ರೋಧ 1322 ಮತ್ತು 529 ಸೇರಿ 1851 ಓಮ್. ಪ್ರವಾಹ 230 ನ್ನು 1851 ರಿಂದ ಭಾಗಿಸಿದರೆ 0.124 ಆಂಪಿಯರ್. ನಲವತ್ತರ ಬಲ್ಬಿಗೆ 164 ವೋಲ್ಟ್, ನೂರರದ್ದಕ್ಕೆ 66. ವಾಟಿನಲ್ಲಿ ಹೇಳುವುದಾದರೆ 20.4 ಮತ್ತು 8.2. ಲೆಕ್ಕ ಮುಗಿಸಿ ತಲೆಯೆತ್ತಿ ನನ್ನ ಮೀಟರಿನ ಅಂಕಿಗಳನ್ನು ನೋಡಿದ. ಅಲ್ಲಿದ್ದದ್ದು 192 ಮತ್ತು 38. "ಇಷ್ಟು ವ್ಯತ್ಯಾಸ ಏಕೆ ಸರ್? ನಿಮ್ಮ ಮೀಟರ್ ತಪ್ಪೋ, ನನ್ನ ಲೆಕ್ಕ ತಪ್ಪೋ?"

ಈ ಪ್ರಕರಣದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಯಾವ ಬಲ್ಬು ಪ್ರಖರ ಎಂಬುದಕ್ಕೆ ಪುಸ್ತಕದ ಲೆಕ್ಕ ಸರಿಯಾದ ಉತ್ತರವನ್ನೇ ಕೊಡುತ್ತದೆ. ಆದರೆ ಎಷ್ಟು ಪ್ರಖರ ಎಂಬಲ್ಲಿ ಸೋಲುತ್ತದೆ. ಪುಸ್ತಕದ ಪ್ರಕಾರ ನಲವತ್ತರ ಬಲ್ಬಿಗೆ ಇನ್ನೊಂದರ ಎರಡೂವರೆ ಪಟ್ಟು ವೋಲ್ಟೇಜ್ ಸಿಗಬೇಕು, ನಿಜದಲ್ಲಿ ಸಿಕ್ಕಿದ್ದು ಐದು ಪಟ್ಟು. ಕಾರಣ, 1322 ಮತ್ತು 529 ಎಂಬ ಅಂಕಿಗಳು ತಂತಿ ಪೂರ್ತಿ ಬಿಳಿಯಾಗಿ ಕಾದಾಗಿನವು. ಟಂಗ್‌ಸ್ಟನ್ನಿನ ರೋಧ ಬಿಸಿಯ ಜೊತೆ ಏರುತ್ತ ಹೋಗುತ್ತದೆ, ಮತ್ತು ಆ ಏರಿಕೆ ಚಿಕ್ಕದಲ್ಲ. ನೂರರ ಬಲ್ಬು ತಣ್ಣಗಿರುವಾಗ ಮಲ್ಟಿಮೀಟರಿನಲ್ಲಿ ಅಳೆದರೆ 40 ಓಮಿನ ಆಸುಪಾಸಿನಲ್ಲಿ ತೋರಿಸುತ್ತದೆ, 230 ವೋಲ್ಟಿನಲ್ಲಿ ಉರಿಯುವಾಗ ಅದೇ ತಂತಿ 529. ಹದಿಮೂರು ಪಟ್ಟಿನಷ್ಟು ವ್ಯತ್ಯಾಸ. ನಲವತ್ತರದ್ದು ತಣ್ಣಗೆ 95 ಓಮಿನ ಸುತ್ತಮುತ್ತ.

ಸ್ವಿಚ್ ಹಾಕಿದ ಕ್ಷಣದಿಂದ ಏನಾಗುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಆ ಕ್ಷಣದಲ್ಲಿ ಎರಡು ತಂತಿಗಳೂ ತಣ್ಣಗಿವೆ, ರೋಧಗಳು 95 ಮತ್ತು 40ರ ಹತ್ತಿರ, ವೋಲ್ಟೇಜ್ ಎರಡೂವರೆಗೆ ಒಂದರ ಪ್ರಮಾಣದಲ್ಲಿ ಹಂಚಿಹೋಗುತ್ತದೆ. ಅಂದರೆ ಆರಂಭದಲ್ಲಿ ಹುಡುಗನ ಲೆಕ್ಕದ ಪ್ರಮಾಣವೇ ಇರುತ್ತದೆ. ಎರಡರಲ್ಲೂ ಒಂದೇ ಪ್ರವಾಹ. ನಲವತ್ತರ ತಂತಿಯ ರೋಧ ಹೆಚ್ಚು, ಅಲ್ಲಿ ಹುಟ್ಟುವ ಬಿಸಿ ಹೆಚ್ಚು. ಜೊತೆಗೆ ಆ ತಂತಿ ತೆಳ್ಳಗಿದೆ, ಕಾಯಿಸಬೇಕಾದ ಲೋಹವೇ ಕಡಿಮೆ. ಹಾಗಾಗಿ ಅದು ಮುಂಚೆ ಕಾಯುತ್ತದೆ. ಕಾದ ಕೂಡಲೇ ಅದರ ರೋಧ ಏರುತ್ತದೆ, ರೋಧ ಏರಿದ್ದಕ್ಕೆ ವೋಲ್ಟೇಜಿನ ಇನ್ನೂ ದೊಡ್ಡ ಪಾಲು ಅದಕ್ಕೇ ಬೀಳುತ್ತದೆ, ಆ ಪಾಲಿನಿಂದ ಅದು ಮತ್ತಷ್ಟು ಕಾಯುತ್ತದೆ. ಇತ್ತ ನೂರರ ತಂತಿಗೆ ಸಿಗುವ ಪಾಲು ಕುಗ್ಗುತ್ತ ಹೋಗುತ್ತದೆ, ಅದು ಅಷ್ಟಾಗಿ ಕಾಯುವುದಿಲ್ಲ, ಕಾಯದ ಕಾರಣ ಅದರ ರೋಧ ಅಷ್ಟಾಗಿ ಏರುವುದೂ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ಇದೆಲ್ಲ ನಡೆದು ಒಂದು ನೆಲೆಗೆ ಬಂದು ನಿಲ್ಲುತ್ತದೆ. ಬಿಸಿಯಾದ ತಂತಿ ಅಷ್ಟೇ ವೇಗವಾಗಿ ಬಿಸಿಯನ್ನು ಹೊರಕ್ಕೆ ಚೆಲ್ಲುವುದರಿಂದ ಈ ಓಟ ಎಲ್ಲೆ ಮೀರಿ ಹೋಗುವುದಿಲ್ಲ.

ನಮ್ಮ ಪ್ರಕರಣದಲ್ಲಿ ಆ ನೆಲೆ ಎಲ್ಲಿತ್ತು? ಕ್ಲಾಂಪ್ ಮೀಟರಿನಲ್ಲಿ ಪ್ರವಾಹ 0.16 ಆಂಪಿಯರ್ ಇತ್ತು. ನೂರರ ಬಲ್ಬಿನ 38 ವೋಲ್ಟನ್ನು ಅದರಿಂದ ಭಾಗಿಸಿದರೆ ರೋಧ ಸುಮಾರು 240 ಓಮ್, ಪೂರ್ತಿ ಕಾದಾಗಿನ ಅರ್ಧಕ್ಕಿಂತಲೂ ಕಡಿಮೆ. ನಲವತ್ತರದ್ದು 1200 ಓಮ್, ಬಹುತೇಕ ಪೂರ್ತಿ. ವಾಟಿನಲ್ಲಿ ಹೇಳಿದರೆ ನಲವತ್ತರ ಬಲ್ಬು 31 ವಾಟಿನಷ್ಟು ತೆಗೆದುಕೊಳ್ಳುತ್ತಿತ್ತು, ನೂರರದ್ದು ಆರು ವಾಟ್.

ಆರು ವಾಟೆಂದರೆ ನೂರರಲ್ಲಿ ಆರು ಭಾಗದ ಬೆಳಕಾದರೂ ಬರಬೇಕಲ್ಲ ಎಂದು ಕೇಳಬಹುದು. ಬರುವುದಿಲ್ಲ. ಕಣ್ಣಿಗೆ ಕಾಣುವ ಬೆಳಕು ತಂತಿಯ ಬಿಸಿಯ ಮೇಲೆ ಬಹಳ ಕಡಿದಾಗಿ ಅವಲಂಬಿಸಿದೆ. ಪೂರ್ತಿ ಉರಿಯುವಾಗ ತಂತಿಯ ಉಷ್ಣತೆ 2500 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ. ಆರು ವಾಟಿನಲ್ಲಿ ಅದು ಸಾವಿರದ ಹತ್ತಿರವೇ ನಿಲ್ಲುತ್ತದೆ. ಅಷ್ಟರಲ್ಲಿ ಬರುವುದು ಕೆಂಪು ಮಾತ್ರ, ಉಳಿದದ್ದೆಲ್ಲ ಕಾಣದ ಶಾಖ. ಸಾಮಾನ್ಯವಾಗಿ ವೋಲ್ಟೇಜ್ ನೂರಕ್ಕೆ ಹತ್ತರಷ್ಟು ಇಳಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಕುಸಿಯುತ್ತದೆ. ವೋಲ್ಟೇಜ್ ಆರನೆಯ ಒಂದು ಭಾಗಕ್ಕೆ ಇಳಿದ ಬಲ್ಬಿನಲ್ಲಿ ಹೇಳಿಕೊಳ್ಳುವಂಥ ಬೆಳಕೇ ಉಳಿಯುವುದಿಲ್ಲ. ಹಗಲಿನಲ್ಲಿ ನೋಡಿದವರು ಬಲ್ಬು ಸುಟ್ಟುಹೋಗಿದೆ ಎಂದೇ ಹೇಳಿಯಾರು.

ಇನ್ನೂರರ ಬಲ್ಬಿನ ಕಥೆಯೂ ಈಗ ಬಿಡಿಸಿಕೊಳ್ಳುತ್ತದೆ. ಅದರ ತಂತಿ ಇನ್ನೂ ದಪ್ಪ, ರೋಧ ಇನ್ನೂ ಕಡಿಮೆ. ನಲವತ್ತರ ಬಲ್ಬಿನ ಜೊತೆ ಸರಣಿಯಲ್ಲಿ ಕೂತಾಗ ಅದಕ್ಕೆ ಸಿಗುವುದು ಹನ್ನೆರಡು ವೋಲ್ಟಿನಷ್ಟು, ಸುಮಾರು ಎರಡು ವಾಟ್. ತಂತಿ ಕೆಂಪಾಗಲೂ ಅದು ಸಾಲದು. ಉಳಿದ 218 ವೋಲ್ಟ್ ನಲವತ್ತರ ಬಲ್ಬಿನ ಪಾಲಾಗುವುದರಿಂದ ಅದು ಮೊದಲಿಗಿಂತ ಜೋರಾಗಿ ಉರಿಯಿತು. ಯಜಮಾನರು ಫೋನಿನಲ್ಲಿ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು.

ಮರಿಗಳ ದೃಷ್ಟಿಯಿಂದ ನೋಡಿದರೆ ಒಟ್ಟು ಬಿಸಿಯ ಲೆಕ್ಕವೇ ಮುಖ್ಯ. ಚಳಿಗಾಲದಲ್ಲಿ ಮರಿಯೊಂದಕ್ಕೆ ಒಂದರಿಂದ ಎರಡು ವಾಟ್ ಬೇಕೆಂಬುದು ಕೋಳಿ ಸಾಕುವವರ ರೂಢಿಯ ಲೆಕ್ಕ. ಯಜಮಾನರು 140 ವಾಟ್ ಎಂದು ಎಣಿಸಿ ಎರಡು ಬಲ್ಬು ಹಾಕಿದ್ದರು. ಸಿಕ್ಕಿದ್ದು ಎರಡೂ ಸೇರಿ 37 ವಾಟ್. ಇನ್ನೂರರದ್ದು ಹಾಕಿದಾಗ 240 ನಿರೀಕ್ಷಿಸಿದ್ದರು, ಸಿಕ್ಕಿದ್ದು ಸುಮಾರು 39. ಸರಣಿಯಲ್ಲಿ ಒಂದು ಬಲ್ಬು 40 ವಾಟಿನದಾಗಿದ್ದರೆ ಜೊತೆಗೆ ಎಷ್ಟೇ ದೊಡ್ಡದನ್ನು ಹಾಕಿದರೂ ಒಟ್ಟು ಮೊತ್ತ 40 ವಾಟನ್ನು ದಾಟುವುದಿಲ್ಲ. ಏಕೆಂದರೆ ದೊಡ್ಡ ಬಲ್ಬಿನ ರೋಧ ಸೊನ್ನೆಯೇ ಆಗಿಬಿಟ್ಟರೂ ಉಳಿಯುವುದು 230 ವೋಲ್ಟಿಗೆ ನೇರ ಸಿಕ್ಕಿಸಿದ ನಲವತ್ತರ ಬಲ್ಬು ಒಂದೇ. ಇದನ್ನು ಹೇಳಿದಾಗ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನೂರರ ಬಲ್ಬನ್ನು ಕಿತ್ತುಹಾಕಿ ಬರೀ ನಲವತ್ತರದ್ದನ್ನು ನೇರವಾಗಿ ಹಾಕಿದ್ದರೂ ಇದಕ್ಕಿಂತ ಹೆಚ್ಚು ಬಿಸಿ ಸಿಗುತ್ತಿತ್ತು" ಎಂದರು. ಹೌದು, ಮೂರು ವಾಟ್ ಹೆಚ್ಚೇ ಸಿಗುತ್ತಿತ್ತು.

ದುರಸ್ತಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪ್ಲಗ್ ಕಿತ್ತು, ಎರಡು ಹೋಲ್ಡರುಗಳ ನಡುವಿನ ಒಂಟಿ ತುಂಡನ್ನು ತೆಗೆದುಹಾಕಿದೆವು. ಫೇಸ್ ವೈರನ್ನು ಮೊದಲ ಹೋಲ್ಡರಿನ ಒಂದು ಸ್ಕ್ರೂಗೆ ಕೊಟ್ಟು, ಅದೇ ಸ್ಕ್ರೂನಿಂದ ಎರಡನೆಯ ಹೋಲ್ಡರಿನ ಒಂದು ಸ್ಕ್ರೂಗೆ ಒಯ್ದೆವು. ನ್ಯೂಟ್ರಲ್ ವೈರನ್ನೂ ಹಾಗೆಯೇ ಉಳಿದೆರಡು ಸ್ಕ್ರೂಗಳಿಗೆ. ಈಗ ಪ್ರತಿ ಬಲ್ಬಿಗೂ ತನ್ನದೇ ಫೇಸ್, ತನ್ನದೇ ನ್ಯೂಟ್ರಲ್. ಒಂದು ಮೀಟರಿನಷ್ಟು ವೈರ್ ಹೆಚ್ಚು ಹಿಡಿಯಿತು, ಅಷ್ಟೇ. ಸ್ವಿಚ್ ಹಾಕಿದಾಗ ಎರಡೂ ಹೋಲ್ಡರುಗಳಲ್ಲಿ 230 ವೋಲ್ಟ್, ಒಟ್ಟು ಪ್ರವಾಹ 0.61 ಆಂಪಿಯರ್. ನೂರರ ಬಲ್ಬು ಕಣ್ಣು ಕೋರೈಸಿತು.

ಅಷ್ಟಕ್ಕೆ ಬಿಟ್ಟು ಬರುವಂತಿರಲಿಲ್ಲ. ಆ ಬುಟ್ಟಿಯ ಎತ್ತರವನ್ನು 37 ವಾಟಿನ ಬಿಸಿಗೆ ತಕ್ಕಂತೆ ತುಂಬ ಕೆಳಕ್ಕೆ ಇಳಿಸಿದ್ದರು, ಈಗ ಬಿಸಿ ಸುಮಾರು ನಾಲ್ಕು ಪಟ್ಟು. ಬುಟ್ಟಿಯನ್ನು ಮೇಲಕ್ಕೆತ್ತಿ ಕಟ್ಟಿಸಿದೆ. ಬಲ್ಬಿನ ಗಾಜು ಬಿದಿರಿಗೂ ಹೊಟ್ಟಿಗೂ ತಾಗದಂತೆ ಅಂತರ ಬಿಡಿಸಿದೆ, ನೂರು ವಾಟಿನ ಬಲ್ಬು ಒಣಹೊಟ್ಟಿಗೆ ತಾಗಿದರೆ ಬೆಂಕಿ ಹತ್ತುವುದು ಸುಲಭ. ಮೊದಲ ವಾರ ಮರಿಗಳ ಎತ್ತರದಲ್ಲಿ 35 ಡಿಗ್ರಿ ಸೆಲ್ಸಿಯಸ್ ಇರಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳೇ ಹೇಳುತ್ತವೆ: ಬಲ್ಬಿನ ಕೆಳಗೆ ಗುಡ್ಡೆಯಾದರೆ ಚಳಿ, ಗಾರ್ಡಿಗೆ ಅಂಟಿಕೊಂಡು ಬಾಯಿ ತೆರೆದರೆ ಸೆಕೆ, ಎಲ್ಲೆಡೆ ಹರಡಿ ಮೇಯುತ್ತಿದ್ದರೆ ಸರಿ. ನಾನು ಹೊರಡುವ ಹೊತ್ತಿಗೆ ಮರಿಗಳು ಎರಡೂ ಬಲ್ಬುಗಳ ಕೆಳಗೆ ಹರಡಿಕೊಂಡು ನುಚ್ಚು ಹೆಕ್ಕುತ್ತಿದ್ದವು.

ಈ ಲೆಕ್ಕವನ್ನು ಬೇರೆ ಕಡೆ ಬಳಸುವವರಿಗೆ ಎರಡು ಮಾತು ಹೇಳಬೇಕು. ಒಂದೇ ವಾಟಿನ ಎರಡು ಬಲ್ಬುಗಳನ್ನು ಸರಣಿಯಲ್ಲಿ ಹಾಕಿದರೆ ಜಗಳವಿಲ್ಲ, ತಲಾ 115 ವೋಲ್ಟ್. ಆದರೆ ನೂರು ವಾಟಿನ ಎರಡಿದ್ದರೆ ಪುಸ್ತಕದ ಲೆಕ್ಕದಂತೆ ತಲಾ 25 ವಾಟ್ ಆಗುವುದಿಲ್ಲ, 34 ರ ಸುತ್ತಮುತ್ತ ಬರುತ್ತದೆ. ಕಡಿಮೆ ಕಾದ ತಂತಿಯ ರೋಧ 529 ಓಮಿಗಿಂತ ಕಡಿಮೆ ಇರುವುದೇ ಇದಕ್ಕೂ ಕಾರಣ. ಬೆಳಕು ಮಾತ್ರ ಪೂರ್ತಿ ಉರಿಯುವಾಗಿನ ಹತ್ತನೆಯ ಒಂದು ಭಾಗದಷ್ಟೇ.

ಎರಡನೆಯದು ಎಲ್ಇಡಿ ಬಲ್ಬಿನ ವಿಚಾರ. ಅದರ ಬುಡದಲ್ಲಿ ಎಲೆಕ್ಟ್ರಾನಿಕ್ ಡ್ರೈವರ್ ಇರುತ್ತದೆ, ಅದಕ್ಕೆ ತಂತಿಯಂಥ ಒಂದು ರೋಧವೆಂಬುದಿಲ್ಲ. ಆದ್ದರಿಂದ 9 ವಾಟಿನ ಎಲ್ಇಡಿಗೆ V² ÷ P ಹಾಕಿ ರೋಧ ತೆಗೆದರೆ ಆ ಅಂಕಿಗೆ ಅರ್ಥವಿಲ್ಲ. ಎರಡು ಎಲ್ಇಡಿ ಬಲ್ಬುಗಳನ್ನು ಸರಣಿಯಲ್ಲಿ ಹಾಕಿದರೆ ಒಂದು ಉರಿದು ಇನ್ನೊಂದು ಮಿಣುಕಬಹುದು, ಎರಡೂ ಮಿಣುಕಬಹುದು, ಏನಾಗುತ್ತದೆ ಎಂಬುದು ಒಳಗಿನ ಡ್ರೈವರನ್ನು ಅವಲಂಬಿಸಿದೆ. ಆ ಹುಡುಗ ಇದನ್ನು ಮನೆಯಲ್ಲಿಯೇ ಮಾಡಿ ನೋಡುತ್ತೇನೆಂದ. ಮಾಡುವುದಾದರೆ ಕಾಲೇಜಿನ ಪ್ರಯೋಗಾಲಯದಲ್ಲಿ, ಉಪನ್ಯಾಸಕರ ಎದುರಿನಲ್ಲಿ, 40 ಮತ್ತು 100 ರ ತಂತಿ ಬಲ್ಬುಗಳಿಂದ ಶುರು ಮಾಡು, ಮೊದಲು ತಣ್ಣಗಿನ ರೋಧವನ್ನು ಅಳೆದು ಬರೆದಿಟ್ಟುಕೊ ಎಂದು ಹೇಳಿ ಬಂದೆ.